ಮಿಡಿ ಉಪ್ಪಿಗೆ ಬಿದ್ದ ಮೇಲೆ ಮುಂಗಡ

(ಶಿರಸಿಯಲ್ಲಿ ಮನೆಯಲ್ಲೇ ಉಪ್ಪಿನಕಾಯಿ, ಹಪ್ಪಳ, ಜೋನಿಬೆಲ್ಲ ಮಾಡಿ ಮಾರುವವರ ಎದುರು ಆಡಿದ ಮಾತು. ಬರಹಕ್ಕೆ ಬೇಕಾದಷ್ಟು ಮಾತ್ರ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರು ಹತ್ತಾರು ಬಗೆಯ ಮಾಲು ಮಾಡುವವರು. ಎಲ್ಲದರ ಬಗ್ಗೆ ಸ್ವಲ್ಪ ಸ್ವಲ್ಪ ಹೇಳಿದರೆ ಯಾರ ಕೈಗೂ ಏನೂ ಸಿಗುವುದಿಲ್ಲ. ಹಾಗಾಗಿ ಒಂದನ್ನೇ ಹಿಡಿಯುತ್ತೇನೆ: ಅಪ್ಪೆಮಿಡಿ ಉಪ್ಪಿನಕಾಯಿ. ಮುಂಗಡ ಬುಕಿಂಗ್‌ನ ಕಷ್ಟಗಳೆಲ್ಲ ಅದರಲ್ಲಿ ಒಟ್ಟಿಗೇ ಸಿಗುತ್ತವೆ. ಮಾವಿನ ಮಿಡಿ ವರ್ಷಕ್ಕೊಮ್ಮೆ ಬರುತ್ತದೆ. ಒಂದು ವರ್ಷ ಮೈತುಂಬ ಬಿಟ್ಟ ಮರ ಮುಂದಿನ ವರ್ಷ ಸುಮ್ನೆ ನಿಂತುಬಿಡಬಹುದು. ಕೇಳುವವರು ಮಾತ್ರ ಪ್ರತಿ ವರ್ಷವೂ ಕೇಳುತ್ತಾರೆ.

ನಾನು ಇಂಥ ಮನೆಗಳ ಲೆಕ್ಕಪತ್ರ ನೋಡುವವನು. ಉಪ್ಪಿನಕಾಯಿ ಹಾಕಲು ನಿಮಗೆ ಕಲಿಸಲು ಬಂದಿಲ್ಲ, ಹೆದರಬೇಡಿ. ದುಡ್ಡು ಯಾವಾಗ ತೆಗೆದುಕೊಳ್ಳಬೇಕು, ತೆಗೆದುಕೊಂಡದ್ದನ್ನು ಎಲ್ಲಿಡಬೇಕು, ತಡವಾದರೆ ಏನಂತ ಬರೆಯಬೇಕು ಅನ್ನುವುದಷ್ಟೇ ನನ್ನ ವಿಷಯ.

ನಾನು ನೋಡಿದ ಹೆಚ್ಚಿನ ಜಗಳ ಶುರುವಾದದ್ದು ಹೂವಿನ ಹೊತ್ತಿಗೆ ದುಡ್ಡು ತೆಗೆದುಕೊಂಡಿದ್ದರಿಂದ. ಜನವರಿಯಲ್ಲಿ ಹೊಳೆದಂಡೆಯ ಮರ ಹೂ ಬಿಟ್ಟಿರುತ್ತದೆ. ನೋಡಿದರೆ ಖುಷಿಯಾಗುತ್ತದೆ. ಒಂದು ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿ, ‘ಈ ವರ್ಷದ ಅಪ್ಪೆಮಿಡಿ ಬುಕಿಂಗ್ ಶುರು, ಪೂರ್ತಿ ಹಣ ಕೊಟ್ಟವರಿಗೆ ಮೊದಲು’ ಎಂದು ಬರೆದುಬಿಡುತ್ತಾರೆ. ಆಮೇಲೆ ನಾಲ್ಕು ದಿನ ಮೋಡ ಕವಿಯುತ್ತದೆ, ಜಿಗಿಹುಳು ಬೀಳುತ್ತದೆ, ಹೂ ಕರಟಿ ಉದುರುತ್ತದೆ. ಹೂ ಉದುರಿದ್ದು ಯಾರ ತಪ್ಪೂ ಅಲ್ಲ. ಹೂವಿನ ಮೇಲೆ ದುಡ್ಡು ತೆಗೆದುಕೊಂಡದ್ದು ಮಾತ್ರ ನಮ್ಮದೇ ನಿರ್ಧಾರ.

ಆದ್ದರಿಂದ ನನ್ನ ಕ್ರಮ ಹೀಗೆ. ಹೂವಿದ್ದಾಗ ಹೆಸರು ಮಾತ್ರ ಬರೆದುಕೊಳ್ಳಿ, ಒಂದು ರೂಪಾಯಿಯೂ ಬೇಡ. ಮಿಡಿ ಕೊಯ್ದು, ಎಣಿಸಿ, ಉಪ್ಪಿಗೆ ಹಾಕಿದ ಮೇಲೆ ಮುಂಗಡ ಕೇಳಿ. ಬಾಟ್ಲಿ ತುಂಬಿದ ಮೇಲೆ ಬಾಕಿ ಹಣ. ಮಾಲು ಎಷ್ಟು ಖಚಿತವೋ ಅಷ್ಟೇ ದುಡ್ಡು.

ಹಾಗಾದರೆ ಮಿಡಿ ಕೊಯ್ಯುವವರಿಗೆ ಅವತ್ತೇ ಕೊಡಬೇಕಲ್ಲ, ಅದಕ್ಕೆಲ್ಲಿಂದ ತರುವುದು ಎಂದು ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಮರ ಹತ್ತಿ, ಗೊಂಚಲು ಮುರಿದು, ಬುಟ್ಟಿಗೆ ಹಗ್ಗ ಕಟ್ಟಿ ಕೆಳಗೆ ಇಳಿಸುವವನು ನಿಮ್ಮ ಗ್ರಾಹಕ ದುಡ್ಡು ಹಾಕುವವರೆಗೆ ಕಾಯುವುದಿಲ್ಲ, ಕಾಯಬೇಕಾಗಿಯೂ ಇಲ್ಲ. ಆ ದುಡ್ಡು ನಿಮ್ಮದೇ ಆಗಬೇಕು. ಕೈಯಲ್ಲಿದ್ದದ್ದು, ಸಂಘದ್ದು, ಇಲ್ಲ ಸೊಸೈಟಿ ಸಾಲ. ಅಷ್ಟು ಹೊಂದಿಸಲು ಆಗದಿದ್ದರೆ ಮಿಡಿ ಕಡಿಮೆ ತೆಗೆದುಕೊಳ್ಳಿ. ಗ್ರಾಹಕರ ದುಡ್ಡಿನಲ್ಲಿ ಮರ ಹತ್ತಿಸಿದರೆ ಮರ ಕೈಕೊಟ್ಟಾಗ ಎರಡು ಕಡೆ ಉತ್ತರ ಹೇಳಬೇಕಾಗುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಮನೆಯ ಅಂಕಿ ನೀವು ಹಾಕಿಕೊಳ್ಳಿ.

8,000 ಮಿಡಿ ಉಪ್ಪಿಗೆ ಬಿತ್ತು ಅಂತಿಟ್ಟುಕೊಳ್ಳಿ. ಮಿಡಿಗೆ 2 ರೂಪಾಯಿಯಂತೆ 16,000 ಖರ್ಚಾಯಿತು. ಅರ್ಧ ಕಿಲೋ ಬಾಟ್ಲಿಗೆ 40 ಮಿಡಿ ಹಿಡಿಯುತ್ತದೆ. ತಕ್ಷಣ 200 ಬಾಟ್ಲಿ ಅನ್ನುತ್ತೀರಿ. ಅಲ್ಲೇ ಎಡವುವುದು. ಉಪ್ಪಿನಿಂದ ತೆಗೆಯುವಾಗ ಒಂದಿಷ್ಟು ಆರಿಸಿ ಬಿಸಾಡಲೇಬೇಕು. ನೆಲಕ್ಕೆ ಬಿದ್ದು ಪೆಟ್ಟಾದದ್ದು, ತೊಟ್ಟು ಬುಡಕ್ಕೇ ಮುರಿದು ಸೊನೆ ಹೋದದ್ದು, ಬಲಿತು ಒಳಗೆ ಗೊರಟು ಗಟ್ಟಿಯಾದದ್ದು. ಹೀಗೆ ಹೋಗುವುದು ನೂರಕ್ಕೆ 12 ಎಂದಿಟ್ಟುಕೊಂಡರೆ 960 ಮಿಡಿ ಕಳೆಯಿತು. ಉಳಿದದ್ದು 7,040, ಅಂದರೆ 176 ಬಾಟ್ಲಿ. ಇದರಲ್ಲಿ 16 ಬಾಟ್ಲಿ ಪಕ್ಕಕ್ಕಿಡಿ. ದಾರಿಯಲ್ಲಿ ಒಡೆಯುವುದಕ್ಕೆ, ಎಣ್ಣೆ ಸೋರಿತು ಎಂದವರಿಗೆ ಬದಲಿ ಕೊಡುವುದಕ್ಕೆ, ಲೆಕ್ಕ ತಪ್ಪಿದ್ದಕ್ಕೆ. ಬುಕಿಂಗ್‌ಗೆ ಬಿಡುವುದು 160.

ಮನೆಯವರ ಪಾಲನ್ನೂ ಈಗಲೇ ತೆಗೆದಿಡಬೇಕು, ಮೇಲಿನ 8,000 ಎಣಿಸುವ ಮೊದಲೇ. ನಮ್ಮ ಕಡೆ ಬುಕಿಂಗ್ ಪಟ್ಟಿ ಕೆಡುವುದು ಹೊರಗಿನವರಿಂದ ಅಲ್ಲ. ಬೆಂಗಳೂರಿನಿಂದ ಅತ್ತಿಗೆ ಫೋನ್ ಮಾಡಿ, ‘ತಂಗೀ, ನಂಗೆ ಎರಡು ಬಾಟ್ಲಿ ತೆಗೆದಿಡೇ’ ಅನ್ನುತ್ತಾರೆ. ಅವರಿಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಹೀಗೆ ಹತ್ತು ಮನೆಗೆ ಎರಡೆರಡು ಹೋದರೆ, ಮುಂಗಡ ಕೊಟ್ಟ ಅಪರಿಚಿತರಿಗೆ 20 ಬಾಟ್ಲಿ ಕಮ್ಮಿ. ಮೊದಲೇ ಒಂದು ಸಣ್ಣ ಭರಣಿ ಬೇರೆ ಇಟ್ಟುಬಿಟ್ಟರೆ ಅತ್ತಿಗೆಗೂ ಸಿಗುತ್ತದೆ, ಪಟ್ಟಿಯೂ ಉಳಿಯುತ್ತದೆ.

ಇನ್ನು ಹೆಸರು ಬರೆಸಿದವರು. 150 ಜನ, ಒಟ್ಟು 270 ಬಾಟ್ಲಿ ಕೇಳಿದ್ದಾರೆ ಅಂತಿರಲಿ. ಇದನ್ನು 270 ಮಾರಾಟ ಅಂದುಕೊಳ್ಳಬೇಡಿ. ದುಡ್ಡು ಕೇಳದೆ ಹೆಸರು ಬರೆಸಿಕೊಂಡಾಗ ಎಲ್ಲರೂ ಬರೆಸುತ್ತಾರೆ. ಒಬ್ಬರಿಗೆ 3 ಬಾಟ್ಲಿಗಿಂತ ಜಾಸ್ತಿ ಇಲ್ಲ ಎಂದು ಮಿತಿ ಹಾಕಿ, ಇಲ್ಲದಿದ್ದರೆ ಮದುವೆಗೆ ಹಂಚಲು ಬೇಕು ಎಂದು ಒಬ್ಬರೇ 30 ಕೇಳುತ್ತಾರೆ. ಬರೆಸಿದ ಕ್ರಮದಲ್ಲೇ ಸಂಖ್ಯೆ ಕೊಡಿ. ಮಿಡಿ ಉಪ್ಪಿಗೆ ಬಿದ್ದ ಮೇಲೆ ಮೊದಲ 60 ಜನಕ್ಕೆ ಸಂದೇಶ ಕಳಿಸಿ, ಮುಂಗಡಕ್ಕೆ 3 ದಿನ ಕೊಡಿ. ಕೊಡದವರ ಜಾಗ ಮುಂದಿನವರಿಗೆ. ಹೀಗೆ 160 ತುಂಬುವವರೆಗೆ ಇಳಿಯುತ್ತಾ ಹೋಗಿ. ನಮ್ಮ ಲೆಕ್ಕದಲ್ಲಿ 90 ಜನಕ್ಕೆ ಅದು ತುಂಬಿತು ಅನ್ನೋಣ. ಉಳಿದವರಿಗೆ ‘ತುಂಬಿದೆ, ನೀವು ಕಾಯುವ ಪಟ್ಟಿಯಲ್ಲಿ ಇಷ್ಟನೆಯವರು’ ಎಂದು ಅವತ್ತೇ ಹೇಳಿ. ಅವರಿಂದ ದುಡ್ಡು ಬೇಡ.

ಮುಂಗಡ ಎಷ್ಟು? ಬಾಟ್ಲಿಗೆ 350 ಬೆಲೆ ಇಟ್ಟರೆ ನಾನು 100 ಅನ್ನುತ್ತೇನೆ. ಒಂದು ಬಾಟ್ಲಿಯ ಪಾಲಿನ ಮಿಡಿ ಮತ್ತು ಉಪ್ಪಿಗೆ ನೀವು ಈಗಾಗಲೇ ಹಾಕಿದ್ದು ಸುಮಾರು 90 ರೂಪಾಯಿ. ಗ್ರಾಹಕರು ಕೊನೆಗೆ ಬೇಡ ಎಂದರೆ ನಿಮಗೆ ಕಷ್ಟವಾಗುವುದು ಅಷ್ಟರದ್ದೇ. 20 ರೂಪಾಯಿ ಮುಂಗಡ ಇಟ್ಟರೆ ಕೊಟ್ಟವರಿಗೆ ನೆನಪೇ ಇರುವುದಿಲ್ಲ. 350 ಪೂರ್ತಿ ತೆಗೆದುಕೊಂಡರೆ ಮೂರು ತಿಂಗಳು 56,000 ರೂಪಾಯಿ ಸಾಲ ತಲೆಯ ಮೇಲಿಟ್ಟುಕೊಂಡ ಹಾಗೆ. ಆ ದುಡ್ಡು ಮನೆಯಲ್ಲಿದ್ದರೆ ಮಗಳ ಫೀಸಿಗೋ ತೋಟದಲ್ಲಿ ಅಡಿಕೆ ಕೊಯ್ಯುವ ಕೊನೆಗೌಡನಿಗೋ ಹೋಗಿಯೇ ಹೋಗುತ್ತದೆ.

ಅದಕ್ಕೇ ಬೇರೆ ಖಾತೆ ಬೇಕು. ಇನ್ನೊಂದು ಉಳಿತಾಯ ಖಾತೆಯಾದರೂ ಸಾಕು, ಕ್ಯೂಆರ್ ಕೋಡ್ ಅದರದ್ದೇ ಇರಲಿ. 160 ಬಾಟ್ಲಿಗೆ ಬಂದ 16,000 ಅಲ್ಲಿ ಇರುತ್ತದೆ. ನಿಮ್ಮ ಪುಸ್ತಕದಲ್ಲಿ ಅದು ಆದಾಯ ಅಲ್ಲ, ಕೊಡಬೇಕಾದ ಬಾಕಿ. ಪಾರ್ಸೆಲ್ ಹೊರಟ ದಿನ ಆ ಬಾಟ್ಲಿಯ ಮುಂಗಡ ನಿಮ್ಮದಾಗುತ್ತದೆ.

ಹಾಗಂತ ಪೂರ್ತಿ ಮುಟ್ಟಲೇಬಾರದು ಅನ್ನುವುದಿಲ್ಲ. ಎರಡು ಸಲ ತೆಗೆಯಿರಿ. ಮೊದಲ ಸಲ ಬಾಟ್ಲಿಗೆ: 176 ಬಾಟ್ಲಿಗೆ 30ರಂತೆ 5,280. ಬಾಟ್ಲಿ ಉಳಿದರೆ ಮುಂದಿನ ವರ್ಷಕ್ಕಾಗುತ್ತದೆ, ದುಡ್ಡು ಹಾಳಾಗಲಿಲ್ಲ. ಖಾತೆಯಲ್ಲಿ 10,720 ಉಳಿಯಿತು. ಎರಡನೆಯದು ಸಾಸಿವೆ, ಮೆಣಸು, ಎಣ್ಣೆಗೆ. ಅದನ್ನು ಮಿಡಿ ಒತ್ತಿ ನೋಡಿದ ಮೇಲೆ ಮಾತ್ರ ತೆಗೆಯಬೇಕು.

ಈ ಒತ್ತಿ ನೋಡುವುದು ನಿಮಗೆಲ್ಲ ಗೊತ್ತಿದ್ದದ್ದೇ. ಆದರೆ ಕೈ ಅಂದಾಜಿನಲ್ಲಿ ಬಿಡದೆ ಎಣಿಸಿ ಬರೆದಿಡಿ ಎನ್ನುವುದು ನನ್ನ ಕೋರಿಕೆ. ಉಪ್ಪಿಗೆ ಹಾಕಿ ಮೂರು ವಾರ ಆದ ಮೇಲೆ ಪ್ರತಿ ಭರಣಿಯಿಂದ 50 ಮಿಡಿ ತೆಗೆಯಿರಿ. ಮೇಲಿನದ್ದನ್ನೇ ತೆಗೆಯಬೇಡಿ, ಒಣಗಿದ ಸೌಟು ಹಾಕಿ ತಳದಿಂದಲೂ ತೆಗೆಯಿರಿ. ಚೆನ್ನಾಗಿ ಇಳಿದ ಮಿಡಿ ಸುಕ್ಕಾಗಿರುತ್ತದೆ, ಒತ್ತಿದರೆ ಬಿಗಿ ಇರುತ್ತದೆ. ಕೆಟ್ಟದ್ದು ಬೆರಳಿಗೇ ಪಿಚಕ್ಕೆನ್ನುತ್ತದೆ. ಇನ್ನೂ ಆಗದ್ದು ಉಬ್ಬಿಕೊಂಡೇ ಇರುತ್ತದೆ. 50ರಲ್ಲಿ 6 ಮೆತ್ತಗಿದ್ದರೆ ನಮ್ಮ ಅಂದಾಜು ಸರಿ, ಅದು ನೂರಕ್ಕೆ 12. 50ರಲ್ಲಿ 12 ಮೆತ್ತಗಿದ್ದರೆ ನೂರಕ್ಕೆ 24 ಹೋಯಿತು.

ಒಂದೊಂದು ದಿನದ ಕೊಯ್ಲನ್ನು ಒಂದೊಂದು ಭರಣಿಗೆ ಹಾಕಿ, ದಿನಾಂಕ ಬರೆದಿಟ್ಟರೆ ಕಾರಣವೂ ಸಿಗುತ್ತದೆ. ಕೊಯ್ದ ಮಿಡಿ ರಾತ್ರಿಯಿಡೀ ಗೋಣಿಚೀಲದಲ್ಲೇ ಬಿಸಿಯಾಗಿ ಕೂತಿದ್ದರೆ ಆ ಭರಣಿ ಮಾತ್ರ ಕೆಡುತ್ತದೆ. ಕಲ್ಲಿನ ಭಾರ ಸರಿದು ಮಿಡಿ ಉಪ್ಪುನೀರಿನ ಮೇಲೆ ತೇಲಿದ್ದರೆ ಬಿಳಿ ಪದರ ಕಟ್ಟಿರುತ್ತದೆ. ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿದವರಿಗೆ ಯಾವುದು ಕೆಟ್ಟಿತು, ಯಾಕೆ ಕೆಟ್ಟಿತು ಒಂದೂ ಗೊತ್ತಾಗುವುದಿಲ್ಲ. ಗ್ರಾಹಕರಿಗೆ ಹೇಳಲೂ ಏನೂ ಇರುವುದಿಲ್ಲ.

ಈಗ ಕೆಟ್ಟ ಲೆಕ್ಕವನ್ನೇ ಮಾಡೋಣ. ಒಟ್ಟಿನ ಮೇಲೆ ನೂರಕ್ಕೆ 24 ಹೋಯಿತು. 8,000ದಲ್ಲಿ 1,920 ಬಿಸಾಡಿದೆವು, ಉಳಿದದ್ದು 6,080, ಅಂದರೆ 152 ಬಾಟ್ಲಿ. ಒಡೆಯುವುದಕ್ಕೆಂದು 6 ಇಟ್ಟುಕೊಂಡರೆ ಕಳಿಸಲು 146. ಮುಂಗಡ ಬಂದದ್ದು 160ಕ್ಕೆ. 14 ಕಮ್ಮಿ. ಮೊದಲು 16 ತೆಗೆದಿಡದೆ 176ಕ್ಕೂ ಮುಂಗಡ ತೆಗೆದುಕೊಂಡಿದ್ದರೆ ಇದು 30 ಆಗುತ್ತಿತ್ತು.

ಯಾರಿಗೆ ಇಲ್ಲ ಅನ್ನುವುದು? ಇದನ್ನು ಆ ಹೊತ್ತಿಗೆ ಯೋಚಿಸಿದರೆ ಜೋರು ಮಾಡಿದವರಿಗೆ ಸಿಗುತ್ತದೆ. ಮುಂಗಡದ ರಸೀದಿಯಲ್ಲೇ ಬರೆದಿರಬೇಕು: ‘ಕಮ್ಮಿ ಬಿದ್ದರೆ ಮೊದಲು ಎಲ್ಲರಿಗೂ ಒಂದೊಂದು, ಉಳಿದದ್ದು ಸಂಖ್ಯೆಯ ಕ್ರಮದಲ್ಲಿ.’ 90 ಜನಕ್ಕೆ 90 ಹೋಯಿತು. ಉಳಿದ 56 ಎರಡು, ಮೂರು ಕೇಳಿದವರಿಗೆ ಸಾಲಿನ ಮೊದಲಿನಿಂದ. ಕೊನೆಯವರಿಗೆ ಒಂದೇ ಬಂತು, ಆದರೆ ಬರಿಗೈಯಲ್ಲಿ ಯಾರೂ ಹೋಗಲಿಲ್ಲ. ಸಿಗದ 14 ಬಾಟ್ಲಿಯ 1,400 ರೂಪಾಯಿ ವಾಪಸ್. ಮಸಾಲೆಗೆ 152 ಬಾಟ್ಲಿಗೆ 50ರಂತೆ 7,600 ತೆಗೆದರೂ ಖಾತೆಯಲ್ಲಿ 3,120 ಇದೆ. ರೀಫಂಡ್‌ಗೆ ಯಾರ ಹತ್ತಿರವೂ ಕೈಚಾಚಬೇಕಿಲ್ಲ.

ಇದನ್ನು ‘ಮುಂದಿನ ವರ್ಷಕ್ಕೆ ಜಮಾ ಇಟ್ಟಿದ್ದೇವೆ’ ಎಂದು ನೀವೇ ತೀರ್ಮಾನ ಮಾಡಬೇಡಿ. ಮುಂದಿನ ವರ್ಷ ಮರ ಬಿಡುತ್ತದೆಂದು ಯಾರು ಕಂಡಿದ್ದಾರೆ? ದುಡ್ಡು ಮೊದಲು ವಾಪಸ್ ಹೋಗಲಿ, ಹೆಸರು ಬೇಕಾದರೆ ಮುಂದಿನ ಪಟ್ಟಿಯ ಮೇಲ್ಗಡೆ ಬರೆದುಕೊಳ್ಳಿ.

ಕಾಯುವ ಪಟ್ಟಿಯ ನಿಜವಾದ ಉಪಯೋಗವೂ ಇಲ್ಲೇ ಇದೆ. ಅದು ಹೆಚ್ಚು ಮಾರಲು ಇರುವುದಲ್ಲ. ಮುಂಗಡ ಕೊಟ್ಟವರೊಬ್ಬರು ಬೇಡ ಎಂದಾಗ, ಸಾಲಿನಲ್ಲಿ ನಿಂತ ಮೊದಲನೆಯವರು ಆ ಜಾಗಕ್ಕೆ ಬರುತ್ತಾರೆ. ಅವರ 100 ರೂಪಾಯಿ ಬಂತು, ಇವರ 100 ಹೋಯಿತು. ರೈಲಿನ ವೇಟಿಂಗ್ ಲಿಸ್ಟ್ ಹಾಗೆ. ಅಷ್ಟು ಜನ ಹೊರಗೆ ನಿಂತಿರುವುದರಿಂದಲೇ ‘ಬೇಡ ಎಂದರೆ ತಕ್ಷಣ ವಾಪಸ್’ ಎಂದು ಧೈರ್ಯವಾಗಿ ಬರೆಯಬಹುದು.

ಇನ್ನು ತಡ. ಜೂನ್ 10ರೊಳಗೆ ಎಂದು ಹೇಳಿದ್ದೆವು. ಮೇ ಕೊನೆಗೆ ಒತ್ತಿ ನೋಡಿದಾಗ ಎರಡನೇ ಭರಣಿ ಇನ್ನೂ ಉಬ್ಬಿಕೊಂಡೇ ಇದೆ. ಆ ದಿನವೇ ಗೊತ್ತಾಯಿತಲ್ಲ, ಜೂನ್ 10 ಆಗುವುದಿಲ್ಲ ಎಂದು? ಸಂದೇಶ ಹೋಗಬೇಕಾದ್ದು ಅವತ್ತು. ಜೂನ್ 11ಕ್ಕೆ ಅಲ್ಲ. ಗ್ರಾಹಕರು ‘ಎಲ್ಲಿ ಬಂತು?’ ಎಂದು ಕೇಳಿದ ಮೇಲೆ ಹೇಳಿದ ನಿಜವೂ ನೆಪದ ಹಾಗೇ ಕೇಳಿಸುತ್ತದೆ.

ಸಾಮಾನ್ಯವಾಗಿ ಹೋಗುವ ಸಂದೇಶ ನೀವು ನೋಡಿದ್ದೀರಿ: ‘ಅನಿವಾರ್ಯ ಕಾರಣಗಳಿಂದ ತಡವಾಗುತ್ತಿದೆ, ದಯವಿಟ್ಟು ಸಹಕರಿಸಿ.’ ಕಾರಣ ಏನು, ಎಷ್ಟು ದಿನ, ನನ್ನ ದುಡ್ಡೇನಾಯಿತು, ಒಂದೂ ಇಲ್ಲ. ನಾನಾದರೆ ಹೀಗೆ ಬರೆಯುತ್ತೇನೆ:

‘ನಮಸ್ಕಾರ. ನಿಮ್ಮ ಸಂಖ್ಯೆ 47, 2 ಬಾಟ್ಲಿ, ಮುಂಗಡ 200 ರೂ. ಜೂನ್ 10ರೊಳಗೆ ಕಳಿಸುತ್ತೇವೆ ಎಂದಿದ್ದೆವು, ಆಗುವುದಿಲ್ಲ. ಎರಡನೇ ಭರಣಿಯ ಮಿಡಿ ಇನ್ನೂ ಸುಕ್ಕಾಗಿಲ್ಲ. ಮೊದಲನೆಯದರಲ್ಲಿ ಮೆತ್ತಗಾದದ್ದನ್ನು ಆರಿಸಿ ತೆಗೆಯುತ್ತಿದ್ದೇವೆ. ಹೊಸ ದಿನ ಜುಲೈ 5. ಮಳೆಗೆ ಘಟ್ಟದ ರಸ್ತೆ ಬಂದ್ ಆದರೆ ಇನ್ನೊಂದು ವಾರ ಹಿಡಿಯಬಹುದು. ಕಾಯುವುದಾದರೆ ನೀವು ಏನೂ ಮಾಡಬೇಕಿಲ್ಲ. ಬೇಡವಾದರೆ ‘ಬೇಡ’ ಎಂದು ಉತ್ತರಿಸಿ, 2 ದಿನದಲ್ಲಿ 200 ರೂ. ನೀವು ಕಳಿಸಿದ ಖಾತೆಗೇ ವಾಪಸ್ ಬರುತ್ತದೆ. ಎರಡೂ ಬಾಟ್ಲಿ ಸಿಗುತ್ತದೋ ಒಂದೋ ಎಂದು ಜೂನ್ 15ಕ್ಕೆ ತಿಳಿಸುತ್ತೇವೆ.’

ಇದರಲ್ಲಿ ಎರಡು ಮಾತು ಗಮನಿಸಿ. ಒಂದು, ಜುಲೈ 5. ಮನಸ್ಸಿನಲ್ಲಿ ಜೂನ್ 25 ಇದ್ದರೆ ಜುಲೈ 5 ಎಂದು ಬರೆಯಿರಿ. ‘ಇನ್ನೊಂದು ವಾರ’ ಎಂದು ಮೂರು ಸಲ ಹೇಳುವುದಕ್ಕಿಂತ ನಾಲ್ಕು ವಾರ ಎಂದು ಒಂದು ಸಲ ಹೇಳುವುದು ಎಷ್ಟೋ ಮೇಲು. ಇನ್ನೊಂದು, ಜೂನ್ 15. ಅವತ್ತು ಹೊಸದೇನೂ ಇಲ್ಲದಿದ್ದರೂ ‘ಇನ್ನೂ ಎಣಿಸಿ ಆಗಿಲ್ಲ, 20ಕ್ಕೆ ಹೇಳುತ್ತೇವೆ’ ಎಂದು ಬರೆಯಲೇಬೇಕು. ಸುಮ್ಮನಿದ್ದ ದಿನವೇ ಜನ ಅನುಮಾನ ಪಡುವುದು.

ಎರಡನೇ ಸಲವೂ ತಡವಾದರೆ? ಆಗ ನಿಯಮ ತಿರುಗಿಸಿ. ‘ಇನ್ನೂ ಕಾಯುತ್ತೇನೆ’ ಎಂದು ಬರೆದವರದ್ದು ಮಾತ್ರ ಉಳಿಯಲಿ, ಉತ್ತರ ಕೊಡದವರಿಗೆ ದುಡ್ಡು ವಾಪಸ್. ಇದು ನನ್ನ ತಲೆಯಿಂದ ಬಂದದ್ದಲ್ಲ. ಅಮೆರಿಕದಲ್ಲಿ ಅಂಚೆಯಲ್ಲಿ ತರಿಸುವ ಮಾಲಿಗೆ 1970ರ ದಶಕದಿಂದ ಇಂಥ ನಿಯಮ ಇದೆ. ಮೊದಲ ತಡ 30 ದಿನದೊಳಗಿದ್ದರೆ ಗ್ರಾಹಕರ ಮೌನ ಒಪ್ಪಿಗೆಯಾಗುತ್ತದೆ, ಅದಕ್ಕಿಂತ ಜಾಸ್ತಿಯಾದರೆ ಅಥವಾ ಮತ್ತೆ ತಡವಾದರೆ ಒಪ್ಪಿಗೆ ಬಾಯಿಬಿಟ್ಟು ಹೇಳಬೇಕು. ನಮ್ಮಲ್ಲಿ 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳಿವೆ. ಆನ್‌ಲೈನ್ ಮಾರಾಟದಲ್ಲಿ ಹೇಳಿದ ದಿನಕ್ಕಿಂತ ತಡವಾಗಿ ಬಂದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಹಣ ಕೊಡುವುದಿಲ್ಲ ಎನ್ನುವ ಹಾಗಿಲ್ಲ. ನಮ್ಮ ಕೈ ಮೀರಿದ ವಿಪತ್ತಿನಿಂದ ತಡವಾದರೆ ಮಾತ್ರ ವಿನಾಯಿತಿ.

ಆ ವಿನಾಯಿತಿಯನ್ನು ಹಿಡಿದು ಕೂರಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದಾಯಿತು. ಮರು ತಿಂಗಳೇ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಅಂಥ ಹೊತ್ತಿನಲ್ಲಿ ಪಾರ್ಸೆಲ್ ನಿಂತರೆ ಯಾರೂ ನಿಮ್ಮನ್ನು ಬಯ್ಯುವುದಿಲ್ಲ. ಆದರೆ ಜುಲೈಯಲ್ಲಿ ನಮ್ಮ ಜಿಲ್ಲೆಯಲ್ಲಿ ಮಳೆ ಬರುತ್ತದೆ ಎನ್ನುವುದು ವಿಪತ್ತಲ್ಲ, ಪಂಚಾಂಗ. ದಿನ ಕೊಡುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ‘ಚೌತಿಯೊಳಗೆ’ ಎಂದು ಬರೆಯುವುದಾದರೆ ನಿಮ್ಮ ಒಳಗಿನ ದಿನ ಚೌತಿಗೆ ಒಂದು ತಿಂಗಳು ಮೊದಲಿರಲಿ. ಹಬ್ಬ ಮುಗಿದ ಮರುದಿನ ಬಂದ ಬಾಟ್ಲಿಯ ಮೇಲೆ ಯಾರಿಗೂ ಪ್ರೀತಿ ಇರುವುದಿಲ್ಲ.

ವಾಪಸ್ ಕೊಡುವ ರೀತಿಯ ಬಗ್ಗೆ ಸ್ವಲ್ಪ. ಯುಪಿಐನಲ್ಲಿ ಬಂದಾಗ ಸ್ಕ್ರೀನ್‌ಶಾಟ್ ನಂಬಿ ಕೂರದೆ 12 ಅಂಕಿಯ ಉಲ್ಲೇಖ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳಿ, ಹೆಸರಿನ ಎದುರೇ. ವಾಪಸ್ ಕೊಡುವಾಗ ಬಂದ ಖಾತೆಗೇ ಕಳಿಸಿ, ಆ ಸಂಖ್ಯೆಯನ್ನೂ ಪಕ್ಕದಲ್ಲಿ ಬರೆಯಿರಿ. ‘ರೀಫಂಡ್‌ಗೆ ಈ ಲಿಂಕ್ ಒತ್ತಿ’ ಎಂದು ಮಾತ್ರ ಕಳಿಸಬೇಡಿ. ಮೋಸ ಮಾಡುವವರು ಹಾಗೇ ಕಳಿಸುವುದು. ಹಣ ಪಡೆಯಲು ಪಿನ್ ಹಾಕಬೇಕಿಲ್ಲ ಎನ್ನುವುದು ಈಗ ಬಹಳ ಜನಕ್ಕೆ ಗೊತ್ತು, ಲಿಂಕ್ ಕಂಡರೆ ನಿಮ್ಮನ್ನೇ ಅನುಮಾನಿಸುತ್ತಾರೆ.

ಕೊನೆಗೆ ಕಾರವಾರದಿಂದ ಬಂದ ಒಬ್ಬರು ತೆರಿಗೆಯ ಬಗ್ಗೆ ಕೇಳಿದರು. ಮಾಲಿನ ಮುಂಗಡಕ್ಕೆ, ನೀವು ವಹಿವಾಟಿನ ಮೇಲೆ ಒಂದೇ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮ್‌ನಲ್ಲಿ ಇಲ್ಲದಿದ್ದರೆ, ಬಂದ ದಿನವೇ ಜಿಎಸ್‌ಟಿ ಕಟ್ಟಬೇಕಿಲ್ಲ. 2017ರ ನವೆಂಬರ್ 15ರಿಂದ ಹಾಗಿದೆ, ಬಿಲ್ ಮಾಡಿದಾಗ ಕಟ್ಟಿದರಾಯಿತು. ನೋಂದಣಿಯೇ ಇಲ್ಲದವರು ಮಾತ್ರ ಒಂದು ವಿಷಯ ನೋಡಿಕೊಳ್ಳಬೇಕು. ರಾಜ್ಯದೊಳಗೆ ಮಾಲು ಮಾರುವವರಿಗೆ 40 ಲಕ್ಷದ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲ. ಉಪ್ಪಿನಕಾಯಿ ಗಡಿ ದಾಟಿದರೆ ಆ ಮಿತಿ ಲೆಕ್ಕಕ್ಕೆ ಬರುವುದಿಲ್ಲ, ಮೊದಲ ಬಾಟ್ಲಿಗೇ ನೋಂದಣಿ ಬೇಕು. ಪುಣೆ, ಮುಂಬೈ ಎಂದರೆ ಎಲ್ಲರಿಗೂ ಹೊಳೆಯುತ್ತದೆ. ಕಾರವಾರದವರಿಗೆ ಗೋವಾದ ಕಾಣಕೋಣ ಪಕ್ಕದ ಊರು, ಬೈಕಿನಲ್ಲಿ ಹೋಗಿ ಕೊಟ್ಟುಬರುತ್ತಾರೆ. ಅದೂ ಬೇರೆ ರಾಜ್ಯವೇ. ಹಾಗಾಗಿ ಹೆಸರು ಬರೆದುಕೊಳ್ಳುವಾಗಲೇ ಪಿನ್‌ಕೋಡ್ ಕೇಳಿ. ನೋಂದಣಿ ಇಲ್ಲದಿದ್ದರೆ ಹೊರರಾಜ್ಯದವರಿಗೆ ಆಗಲೇ ಹೇಳಿಬಿಡಿ, ಮುಂಗಡ ತೆಗೆದುಕೊಂಡ ಮೇಲಲ್ಲ.